‘ಕೈ ಶುದ್ಧ’ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹೇಗೆ ಬರೆಯೋದು? ಡ್ರೈವರ್ ಅಣ್ಣನಿಗೊಂದು ರೆಫರೆನ್ಸ್ ಲೆಟರ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಎಪಿಸೋಡ್ ಒಂದೇ ಒಂದು ಪುಟದ ಕಾಗದದ ಬಗ್ಗೆ. ಮನೇಲಿ ಹತ್ತು ಹದಿನೈದು ವರ್ಷ ಕೆಲಸ ಮಾಡಿದ ಡ್ರೈವರ್ ಅಥವಾ ಅಡುಗೆಯವರು ಇನ್ನೊಂದು ಮನೆ ಕೆಲಸಕ್ಕೆ ಹೋಗ್ಬೇಕು ಅಂದಾಗ, ‘ಒಂದು ಲೆಟರ್ ಕೊಡಿ ಅಮ್ಮಾ’ ಅಂತ ಕೇಳ್ತಾರಲ್ಲ, ಅದು. ಬೆಂಗಳೂರಿನಲ್ಲಿ ಹೊಸ ಯಜಮಾನರಿಗೆ ಕನ್ನಡ ಓದೋಕೆ ಬರದೇ ಇರೋದು ಮಾಮೂಲಿ. ಹಾಗಾಗಿ ಲೆಟರ್ ಇಂಗ್ಲಿಷ್‌ನಲ್ಲಿ ಇರ್ಬೇಕು. ಬರೆಯೋ ಹಿರಿಯರು ಯೋಚನೆ ಮಾಡೋದು ಮಾತ್ರ ಕನ್ನಡದಲ್ಲಿ. ಮಧ್ಯದಲ್ಲಿ ಸಿಕ್ಕಿಕೊಳ್ಳೋದು ನಿಮ್ಮ ನಮ್ಮಂಥವರು. ‘ನಿಂಗೆ ಇಂಗ್ಲಿಷ್ ಬರುತ್ತಲ್ಲ, ಟೈಪ್ ಮಾಡ್ಕೊಡು’ ಅಂತಾರೆ.

ನಂಗೆ ಹಾಗೆ ಹೇಳಿದ್ದು ನಮ್ಮ ದೊಡ್ಡಮ್ಮ. ಜಯನಗರದ ಮನೆ ಖಾಲಿ ಮಾಡಿ ಮೈಸೂರಿಗೆ, ಮಗನ ಮನೆಗೆ ಹೋಗ್ತಾ ಇದ್ರು. ಕಾರು ಮಾರ್ತಾ ಇದ್ರು. ಡ್ರೈವರ್ ಅಣ್ಣನಿಗೆ 46 ವರ್ಷ, ಓದಿದ್ದು ಏಳನೇ ಕ್ಲಾಸ್. ಸರ್ಜಾಪುರ ರಸ್ತೆ ಕಡೆ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಕೆಲಸ ಖಾಲಿ ಇದೆ ಅಂತ ಯಾರೋ ಹೇಳಿದ್ರು. ಅವರ ಹತ್ರ ಇದ್ದದ್ದು ಲೈಸೆನ್ಸ್, ಮತ್ತೆ ಇಷ್ಟು ವರ್ಷದ ದುಡಿಮೆ. ದುಡಿಮೆಗೆ ಸರ್ಟಿಫಿಕೇಟ್ ಇರಲ್ಲ. ಪೇ ಸ್ಲಿಪ್ ಇಲ್ಲ, ಪಿಎಫ್ ಇಲ್ಲ, ಅಪಾಯಿಂಟ್‌ಮೆಂಟ್ ಆರ್ಡರ್ ಇಲ್ಲ. ಅಷ್ಟು ವರ್ಷಕ್ಕೆ ಇರೋ ಒಂದೇ ದಾಖಲೆ ಅಂದ್ರೆ ಈ ಕಾಗದ.

ದೊಡ್ಡಮ್ಮ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರೆದುಕೊಟ್ಟ ನೋಟ್ಸ್ ಇಷ್ಟು:

‘14 ವರ್ಷದಿಂದ ಇದ್ದಾನೆ. ಮನೆ ಮಗನ ಥರ. ತುಂಬಾ ಸಾಧು, ಎದುರು ಮಾತಾಡಲ್ಲ. ಕೈ ಶುದ್ಧ. ಯಜಮಾನರಿಗೆ ಹುಷಾರಿಲ್ಲದಾಗ ಹಗಲು ರಾತ್ರಿ ಅನ್ನದೆ ಓಡಾಡಿದ. ಗಾಡಿಗೆ ಒಂದು ಗೀರು ಬಿದ್ದಿಲ್ಲ. ಹಬ್ಬಕ್ಕೆ ಊರಿಗೆ ಹೋದ್ರೆ ಮಾತ್ರ ಎರಡು ದಿನ ತಡ.’

ಕನ್ನಡದಲ್ಲಿ ಓದಿದ್ರೆ ಒಬ್ಬ ಮನುಷ್ಯ ಕಣ್ಣಿಗೆ ಕಾಣ್ತಾನೆ. ಈಗ ಇದನ್ನ ಮಾತಿಗೆ ಮಾತು ಇಂಗ್ಲಿಷ್ ಮಾಡಿ ನೋಡಿ. ‘ಹಿ ಈಸ್ ಎ ವೆರಿ ಸಿಂಪಲ್ ಮ್ಯಾನ್. ಹಿ ವಿಲ್ ನಾಟ್ ಟಾಕ್ ಬ್ಯಾಕ್. ಹಿಸ್ ಹ್ಯಾಂಡ್ಸ್ ಆರ್ ಕ್ಲೀನ್.’ ಓದಿದವರಿಗೆ ಅನ್ಸೋದು ಏನು? ಸ್ವಲ್ಪ ಪೆದ್ದ, ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಾನೆ, ಕೈ ತೊಳ್ಕೋತಾನೆ. ಅಷ್ಟೇ.

ವೋಚರ್ ಎಲ್ಲಿ?

ನಾನು ಓದಿದ್ದು ಬಿ.ಕಾಂ. ಅಕೌಂಟ್ಸ್ ಕ್ಲಾಸ್‌ನಲ್ಲಿ ಮೊದಲು ಕಲಿಯೋದು, ಎಂಟ್ರಿ ಹಾಕ್ಬೇಕು ಅಂದ್ರೆ ಹಿಂದೆ ಒಂದು ವೋಚರ್ ಇರ್ಬೇಕು ಅಂತ. ಹಣ ಖರ್ಚಾಯ್ತು ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ಬಿಲ್ ತೋರಿಸ್ಬೇಕು. ರೆಫರೆನ್ಸ್ ಲೆಟರ್‌ಗೂ ಅದೇ ನಿಯಮ ಹಾಕ್ಕೊಳ್ಳಿ. ‘ಹಾನೆಸ್ಟ್’, ‘ಸಿನ್ಸಿಯರ್’, ‘ಹಾರ್ಡ್‌ವರ್ಕಿಂಗ್’ ಈ ಮೂರು ಪದ ಪ್ರತಿಯೊಂದು ಲೆಟರ್‌ನಲ್ಲೂ ಇರುತ್ತೆ. ಕೆಲಸದಿಂದ ತೆಗೆದು ಹಾಕಿದವರಿಗೂ ಮುಲಾಜಿಗೆ ಬರೆದುಕೊಟ್ಟಿರ್ತಾರೆ. ಹಾಗಾಗಿ ಅದನ್ನ ಯಾರೂ ನಂಬಲ್ಲ. ನಂಬೋದು ಅದರ ಹಿಂದಿನ ಘಟನೇನ.

ಅದಕ್ಕೆ ನೋಟ್ಸ್‌ನ ಒಂದೊಂದು ಸಾಲಿಗೂ ದೊಡ್ಡಮ್ಮನ್ನ ಒಂದೇ ಪ್ರಶ್ನೆ ಕೇಳಿದೆ: ‘ಅದು ನಿಮಗೆ ಹೇಗೆ ಗೊತ್ತು?’

‘ಕೈ ಶುದ್ಧ’ ಅನ್ನೋದನ್ನೇ ತಗೊಳ್ಳಿ. ಹೇಗೆ ಗೊತ್ತು ಅಂದಾಗ ದೊಡ್ಡಮ್ಮ ಸ್ವಲ್ಪ ರೇಗಿದ್ರು. ‘ಹೇಗೆ ಗೊತ್ತು ಅಂದ್ರೆ? ಬೀರು ಬಾಗಿಲು ತೆಗೆದಿಟ್ಟು ಹೋಗಿದ್ದೀನಿ ಕಣೇ!’ ಆಮೇಲೆ ಒಂದೊಂದಾಗಿ ಬಂತು. 2015ರಿಂದ ಮನೆಯ ಒಂದು ಜೊತೆ ಕೀ ಅವರ ಹತ್ರಾನೇ ಇತ್ತು. ಇವರು ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕೋಕೆ ಅವರೇ ಬಾಗಿಲು ತೆಗೀತಿದ್ರು. ಪೆಟ್ರೋಲ್, ಸರ್ವಿಸ್, ಔಷಧಿ ಎಲ್ಲಕ್ಕೂ ಕೈಗೆ ಕ್ಯಾಶ್ ಕೊಡ್ತಿದ್ರು, ಕೆಲವೊಮ್ಮೆ 20,000 ರೂಪಾಯಿವರೆಗೆ. ಸಂಜೆ ಬಿಲ್ಲು, ಚಿಲ್ಲರೆ ಎರಡೂ ಮೇಜಿನ ಮೇಲೆ. ದೊಡ್ಡಮ್ಮನ ಮನೆ ಲೆಕ್ಕದ ಪುಸ್ತಕದಲ್ಲಿ ಅದೆಲ್ಲ ಇದೆ.

ಸರಿ, ಹಾಗಾದ್ರೆ ಲೆಟರ್‌ನಲ್ಲಿ ‘ಹಾನೆಸ್ಟ್’ ಅನ್ನೋ ಪದವೇ ಬೇಡ. 2015ರಿಂದ ಮನೆ ಕೀ ಅವರ ಹತ್ರ ಇತ್ತು, ಮನೆ ಖರ್ಚಿನ ಹಣ ಕೊಟ್ಟಾಗ ಪ್ರತಿ ಸಲ ಬಿಲ್ ಸಮೇತ ಲೆಕ್ಕ ಒಪ್ಪಿಸಿದ್ದಾರೆ ಅಂತ ಎರಡು ವಾಕ್ಯ. ಓದೋರು ‘ಹಾನೆಸ್ಟ್’ ಅನ್ನೋದನ್ನ ತಾವೇ ಹೇಳಿಕೊಳ್ತಾರೆ.

ಸಾಧು ಅಂದ್ರೆ ಏನು?

ಎಲ್ಲಕ್ಕಿಂತ ಕಷ್ಟ ಆಗಿದ್ದು ‘ಸಾಧು, ಎದುರು ಮಾತಾಡಲ್ಲ’ ಅನ್ನೋ ಸಾಲು. ನಮ್ಮ ಹಿರಿಯರ ಬಾಯಲ್ಲಿ ಇದು ದೊಡ್ಡ ಹೊಗಳಿಕೆ. ಇಂಗ್ಲಿಷ್‌ಗೆ ಹೋದ ತಕ್ಷಣ ಆಳಿನ ವಿಧೇಯತೆ ಆಗ್ಬಿಡುತ್ತೆ. ಇನ್ನೊಂದು ತೊಂದರೆ ಇದೆ. ಇವರು ಬಾಯಿ ಬಿಟ್ಟು ಏನೂ ಕೇಳಲ್ಲ ಅಂತ ಲೆಟರೇ ಹೇಳಿದ್ರೆ, ಹೊಸ ಮನೆಯವರು ಸಂಬಳದ ಮಾತು ಅಲ್ಲಿಂದಲೇ ಶುರು ಮಾಡ್ತಾರೆ. ಓವರ್‌ಟೈಮ್ ಕೇಳಲ್ಲ, ಭಾನುವಾರ ಕರೆದ್ರೂ ಬರ್ತಾರೆ ಅಂತ.

‘ಯಾವತ್ತೂ ನಿಮ್ಮ ಮಾತಿಗೆ ಇಲ್ಲ ಅಂದೇ ಇಲ್ವಾ ದೊಡ್ಡಮ್ಮ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, ‘ಒಂದ್ಸಲ ಅಂದಿದ್ದ’ ಅಂದ್ರು.

ಜೋರು ಮಳೆ. ರಾತ್ರಿ ಒಂದು ಮದುವೆ ರಿಸೆಪ್ಷನ್ ಮುಗಿಸಿ ವಾಪಸ್ ಬರ್ತಾ ಇದ್ದಾರೆ. ದಾರೀಲಿ ಒಂದು ಅಂಡರ್‌ಪಾಸ್, ಒಳಗೆ ನೀರು ನಿಂತಿದೆ. ಮುಂದಿನ ಒಂದು ಕಾರು ನುಗ್ಗಿಸಿಕೊಂಡು ಹೋಯ್ತು. ದೊಡ್ಡಮ್ಮ ‘ನೀನೂ ಹೋಗು, ಲೇಟಾಯ್ತು’ ಅಂದ್ರು. ಅವರು ಗಾಡಿ ಪಕ್ಕಕ್ಕೆ ಹಾಕಿ, ‘ಬೇಡಮ್ಮಾ, ಆಳ ಗೊತ್ತಾಗ್ತಿಲ್ಲ, ನಾನು ಇಳಿಸಲ್ಲ’ ಅಂದ್ರಂತೆ. ಸುತ್ತು ಹಾಕಿ ಮನೆ ಸೇರೋ ಹೊತ್ತಿಗೆ ಮುಕ್ಕಾಲು ಗಂಟೆ ಜಾಸ್ತಿ. ದೊಡ್ಡಮ್ಮ ಅವತ್ತು ಸಿಟ್ಟು ಮಾಡ್ಕೊಂಡಿದ್ರು.

ನೋಡಿ, ನೋಟ್ಸ್‌ನಲ್ಲಿ ಇದ್ದದ್ದು ‘ಎದುರು ಮಾತಾಡಲ್ಲ’. ನಿಜವಾಗಿ ಈ ಮನುಷ್ಯನ ಅತಿ ದೊಡ್ಡ ಗುಣ ಎದುರು ಮಾತಾಡಬೇಕಾದಾಗ ಆಡಿದ್ದು. ಮಕ್ಕಳನ್ನ ಸ್ಕೂಲಿಗೆ ಕಳಿಸೋಕೆ ಡ್ರೈವರ್ ಹುಡುಕ್ತಾ ಇರೋ ಅಪ್ಪ ಅಮ್ಮನಿಗೆ ಬೇಕಾಗಿರೋದು ಅದೇ. ಲೆಟರ್‌ನಲ್ಲಿ ಆ ಸಾಲು ಹೀಗೆ ಬಂತು, ಕನ್ನಡ ಅಕ್ಷರದಲ್ಲೇ ಓದ್ತೀನಿ: ‘ಒನ್ಸ್, ಇನ್ ಹೆವಿ ರೇನ್, ಐ ಆಸ್ಕ್ಡ್ ಹಿಮ್ ಟು ಡ್ರೈವ್ ಥ್ರೂ ಎ ಫ್ಲಡೆಡ್ ಅಂಡರ್‌ಪಾಸ್. ಹಿ ಪೊಲೈಟ್ಲಿ ರಿಫ್ಯೂಸ್ಡ್ ಅಂಡ್ ಟುಕ್ ದಿ ಲಾಂಗರ್ ರೂಟ್. ಹಿ ವಾಸ್ ರೈಟ್.’ ಕೊನೇ ವಾಕ್ಯ ದೊಡ್ಡಮ್ಮನದೇ. ‘ಅವನು ಮಾಡಿದ್ದೇ ಸರಿ, ಅದನ್ನೂ ಹಾಕು’ ಅಂದ್ರು.

‘ಮನೆ ಮಗನ ಥರ’ ಅನ್ನೋದನ್ನ ಬಿಟ್ಟೆ. ಪ್ರೀತಿಯಿಂದ ಹೇಳಿದ್ದು ನಿಜ. ಆದ್ರೆ ಮಗನಿಗೆ ಯಾರೂ ಸಂಬಳ, ವಾರದ ರಜೆ ಅಂತ ಲೆಕ್ಕ ಹಾಕಲ್ಲ. ಇದು ಕೆಲಸದ ಕಾಗದ, ಅದರಲ್ಲಿ ಅವರು ಕೆಲಸಗಾರ. ‘ಡ್ರೈವರ್ ಬಾಯ್’, ‘ಸರ್ವೆಂಟ್’ ಅನ್ನೋ ಪದಗಳೂ ಬೇಡ. ‘ಹೌಸ್‌ಹೋಲ್ಡ್ ಡ್ರೈವರ್’ ಅಂತ ಹಾಕಿ. ಅಡುಗೆಯವರಾದ್ರೆ ‘ಕುಕ್’, ಮನೆಕೆಲಸದವರಾದ್ರೆ ‘ಹೌಸ್‌ಹೋಲ್ಡ್ ವರ್ಕರ್’. ಈ ಪದಾನ ಅವರು ಇನ್ನು ಹತ್ತು ವರ್ಷ ಜೇಬಲ್ಲಿ ಇಟ್ಕೊಂಡು ಓಡಾಡ್ತಾರೆ.

ತಾರೀಖು ಮತ್ತು ಹೆಸರು

ಫೋನ್ ಮಾಡಿ ವಿಚಾರಿಸೋರು ಮೊದಲು ಹಿಡಿಯೋದೇ ಇವೆರಡನ್ನ.

ನಾವು ಬರೆಯೋ ಇಂಗ್ಲಿಷ್‌ನಲ್ಲಿ ‘ವರ್ಕಿಂಗ್ ಸಿನ್ಸ್ 14 ಇಯರ್ಸ್’ ಅಂತ ತಾನಾಗೇ ಬಂದ್ಬಿಡುತ್ತೆ. ‘14 ವರ್ಷದಿಂದ’ ಅನ್ನೋದರ ನೇರ ಅನುವಾದ ಅದು. ವ್ಯಾಕರಣ ತಪ್ಪು ಅನ್ನೋದು ಪಕ್ಕಕ್ಕಿಡಿ. ಯಾವಾಗ ಸೇರಿದ್ರು, ಇನ್ನೂ ಇದ್ದಾರಾ ಬಿಟ್ಟಿದ್ದಾರಾ ಅನ್ನೋದೇ ಅದರಲ್ಲಿ ಗೊತ್ತಾಗಲ್ಲ. ತಿಂಗಳು, ವರ್ಷ ಹಾಕಿ: ‘ಫ್ರಮ್ ಜೂನ್ 2011 ಟು ಮೇ 2025’. ಜೂನ್ 2011 ಅನ್ನೋದು ಲೆಕ್ಕದ ಪುಸ್ತಕದಲ್ಲಿ ಮೊದಲ ಸಂಬಳದ ಎಂಟ್ರಿಯಿಂದ ಸಿಕ್ತು. ಮಧ್ಯದಲ್ಲಿ ಇನ್ನೊಂದು ವಿಷಯ ಇತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಅವರು ಊರಿಗೆ ಹೋಗಿ, ವಾಪಸ್ ಬಂದಿದ್ದು ಆಗಸ್ಟ್‌ನಲ್ಲಿ. ಅದನ್ನೂ ಅರ್ಧ ಸಾಲಿನಲ್ಲಿ ಹಾಕಿದ್ವಿ. ಇಂಟರ್‌ವ್ಯೂನಲ್ಲಿ ಅವರು ‘ಲಾಕ್‌ಡೌನ್‌ನಲ್ಲಿ ಊರಲ್ಲಿದ್ದೆ’ ಅಂದು, ಲೆಟರ್ ಬೇರೆ ಹೇಳಿದ್ರೆ, ಸುಳ್ಳುಗಾರ ಅನ್ನಿಸಿಕೊಳ್ಳೋದು ಲೆಟರ್ ಬರೆದವರಲ್ಲ.

ಹೆಸರಿಗೂ ಇದೇ ಎಚ್ಚರ ಬೇಕು. ಕನ್ನಡದಲ್ಲಿ ‘ಮಂಜುನಾಥ’ ಅಂತ ಬರೆದ್ರೆ ಮುಗೀತು. ಇಂಗ್ಲಿಷ್‌ನಲ್ಲಿ ಕೊನೆಗೆ ‘ಎ’ ಇದೆಯಾ ಇಲ್ವಾ, ‘ಟಿ’ ಪಕ್ಕ ‘ಎಚ್’ ಇದೆಯಾ, ಇನಿಷಿಯಲ್ ಮುಂದೆನಾ ಹಿಂದೆನಾ? ಮನೇಲಿ ಕರೆಯೋ ಹೆಸರು ಬೇರೆ, ಲೈಸೆನ್ಸ್‌ನಲ್ಲಿರೋ ಹೆಸರು ಬೇರೆ ಇರೋದೂ ಉಂಟು. ಕಿವಿಗೆ ಕೇಳಿದ ಹಾಗೆ ಟೈಪ್ ಮಾಡ್ಬೇಡಿ. ಲೈಸೆನ್ಸ್ ಕಾರ್ಡ್ ಎದುರಿಗೆ ಇಟ್ಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ಹಾಕಿ. ಆಧಾರ್ ನಂಬರ್ ಮಾತ್ರ ಲೆಟರ್‌ನಲ್ಲಿ ಬೇಡ. ಈ ಕಾಗದ ವಾಟ್ಸಾಪ್‌ನಲ್ಲಿ ಯಾರ್ಯಾರ ಫೋನಿಗೋ ಹೋಗುತ್ತೆ. ಗುರುತಿಗೆ ಅವರ ಹತ್ರ ಕಾರ್ಡ್ ಇದ್ದೇ ಇರುತ್ತೆ.

ಕೆಲಸ ಯಾಕೆ ಬಿಡ್ತಿದ್ದಾರೆ ಅನ್ನೋದಕ್ಕೂ ಒಂದು ವಾಕ್ಯ ಕಡ್ಡಾಯ. ಅದು ಇಲ್ಲ ಅಂದ್ರೆ ಓದೋರು ತಾವೇ ಒಂದು ಕಾರಣ ಊಹಿಸ್ತಾರೆ, ಒಳ್ಳೇದನ್ನ ಊಹಿಸಲ್ಲ. ‘ವಿ ಆರ್ ಮೂವಿಂಗ್ ಟು ಮೈಸೂರು ಅಂಡ್ ಸೆಲ್ಲಿಂಗ್ ದಿ ಕಾರ್.’ ಇಷ್ಟೇ ಸಾಕು.

ಸಂಬಳ ಹಾಕಬೇಕಾ? ಅದನ್ನ ಅವರನ್ನೇ ಕೇಳಿ. ಹಳೇ ಸಂಬಳ ಕಾಗದದಲ್ಲಿ ಇದ್ರೆ ಹೊಸ ಮನೆಯವರು ಅದಕ್ಕೆ ಒಂದೆರಡು ಸಾವಿರ ಸೇರಿಸಿ ನಿಲ್ಲಿಸ್ತಾರೆ. ನಮ್ಮ ಡ್ರೈವರ್ ಅಣ್ಣ ಬೇಡ ಅಂದ್ರು. ಬ್ಯಾಂಕ್ ಸಾಲಕ್ಕೆ ಸಂಬಳದ ಪತ್ರ ಬೇಕಾದ್ರೆ ಅದು ಬೇರೆ ಕಾಗದ, ಬೇರೆಯಾಗಿ ಬರೆದುಕೊಡಿ.

ಗೀರು, ಹಬ್ಬ, ಆಸ್ಪತ್ರೆ

‘ಗಾಡಿಗೆ ಒಂದು ಗೀರು ಬಿದ್ದಿಲ್ಲ’ ಅನ್ನೋ ಸಾಲಿಗೆ ವೋಚರ್ ಹುಡುಕಿದ್ರೆ ಅದು ನಿಲ್ಲಲಿಲ್ಲ. ಬೇಸ್‌ಮೆಂಟ್ ಕಂಬಕ್ಕೆ ಒಂದ್ಸಲ ಬಂಪರ್ ಉಜ್ಜಿತ್ತು. ಅವರೇ ಬಂದು ಹೇಳಿದ್ರು, ದೊಡ್ಡಮ್ಮ ಕೈಯಿಂದ ದುಡ್ಡು ಕೊಟ್ಟು ಪೇಂಟ್ ಮಾಡಿಸಿದ್ರು. ‘ನೆವರ್ ಎ ಸ್ಕ್ರ್ಯಾಚ್’ ಅಂತ ಬರೆದ್ರೆ ಅದು ಸುಳ್ಳು.

ಆದ್ರೆ ಕಾರಿನ ಇನ್ಶೂರೆನ್ಸ್ ಪಾಲಿಸಿಯಲ್ಲಿ ಒಳ್ಳೇ ವೋಚರ್ ಇತ್ತು. ನೋ ಕ್ಲೇಮ್ ಬೋನಸ್ ಅಂತ ಒಂದು ಸಾಲು ಇರುತ್ತೆ. ಒಂದು ವರ್ಷ ಕ್ಲೇಮ್ ಮಾಡದಿದ್ರೆ ಮುಂದಿನ ವರ್ಷ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 20% ರಿಯಾಯಿತಿ. ಹೀಗೇ ಏರ್ತಾ ಏರ್ತಾ ಸತತ ಐದು ವರ್ಷ ಕ್ಲೇಮ್ ಇಲ್ಲದಿದ್ರೆ 50% ಆಗುತ್ತೆ, ಅದೇ ಗರಿಷ್ಠ. ದೊಡ್ಡಮ್ಮನ ಪಾಲಿಸಿಯಲ್ಲಿ 50% ಇತ್ತು. ಹಾಗಾಗಿ ‘ಕಳೆದ ಐದು ವರ್ಷ ಒಂದೂ ಇನ್ಶೂರೆನ್ಸ್ ಕ್ಲೇಮ್ ಇಲ್ಲ’ ಅಂತ ಬರೆದ್ವಿ. ಗೀರೇ ಬಿದ್ದಿಲ್ಲ ಅಂತ ಇದರ ಅರ್ಥ ಅಲ್ಲ. ಲೆಟರ್ ಕೂಡ ಹಾಗೆ ಹೇಳಲ್ಲ. ಎಷ್ಟಕ್ಕೆ ಕಾಗದ ಇದೆಯೋ ಅಷ್ಟು ಮಾತ್ರ ಹೇಳುತ್ತೆ.

ಹಬ್ಬಕ್ಕೆ ಹೋದ್ರೆ ಎರಡು ದಿನ ತಡ ಅನ್ನೋದನ್ನ ಏನು ಮಾಡೋದು? ಪ್ರತಿಯೊಂದು ಕುಂದನ್ನೂ ಲೆಟರ್‌ನಲ್ಲಿ ಪಟ್ಟಿ ಮಾಡೋ ಅಗತ್ಯ ಇಲ್ಲ. ಆದ್ರೆ ಅದಕ್ಕೆ ಉಲ್ಟಾ ಬರೆಯೋ ಹಾಗೂ ಇಲ್ಲ. ‘ಆಲ್ವೇಸ್ ಪಂಕ್ಚುವಲ್’ ಅನ್ನೋ ಪದ ಇಲ್ಲಿ ಬರಬಾರದು. ಯಾರಾದ್ರೂ ಫೋನ್‌ನಲ್ಲಿ ಕೇಳಿದ್ರೆ ‘ಊರಿಗೆ ಹೋದಾಗ ಒಂದೆರಡು ದಿನ ತಡ ಆಗುತ್ತೆ, ಮೊದಲೇ ಮಾತಾಡಿಕೊಳ್ಳಿ’ ಅಂತ ಹೇಳೋದು ಅಂತ ತೀರ್ಮಾನ ಆಯ್ತು. ಅವರಿಗೂ ಅದನ್ನ ತಿಳಿಸಿದ್ವಿ.

ಟೈಮ್‌ಗೆ ಸರಿಯಾಗಿ ಬರ್ತಾರೆ ಅನ್ನೋದಕ್ಕೆ ಬೇರೆ ಸಾಕ್ಷಿ ಇತ್ತು, ಆಸ್ಪತ್ರೆ ಫೈಲ್. ದೊಡ್ಡಪ್ಪನಿಗೆ 2021ರ ಮಾರ್ಚ್‌ನಿಂದ 2023ರ ಜೂನ್‌ವರೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬೆಳಗ್ಗೆ 6 ಗಂಟೆ ಸ್ಲಾಟ್. ಅಂದ್ರೆ ಡ್ರೈವರ್ ಅಣ್ಣ 5:15ಕ್ಕೆ ಗೇಟ್ ಹತ್ರ ಇರ್ಬೇಕು. ಇನ್ನೂರಕ್ಕೂ ಹೆಚ್ಚು ಬೆಳಗ್ಗೆ ಅವರು ಹಾಗೆ ಬಂದಿದ್ದಾರೆ. ಅವರ ಕಾರಣಕ್ಕೆ ಒಂದು ಸ್ಲಾಟೂ ತಪ್ಪಿಲ್ಲ. ವೀಲ್‌ಚೇರ್ ಮಡಚಿ ಡಿಕ್ಕಿಗೆ ಹಾಕೋದು, ದೊಡ್ಡಪ್ಪನ್ನ ಸೀಟಿಗೆ ಕೂರಿಸೋದು ಎಲ್ಲ ಅವರೇ. ‘ಹಗಲು ರಾತ್ರಿ ಓಡಾಡಿದ’ ಅನ್ನೋ ಮಾತಿನ ಒಳಗೆ ಇಷ್ಟೆಲ್ಲ ಇತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾಯಿಲೆ ದೊಡ್ಡಪ್ಪನದು, ಅವರು ಈಗ ಇಲ್ಲ. ಅದರ ಹೆಸರು ಅಪರಿಚಿತರು ಓದೋ ಕಾಗದದಲ್ಲಿ ಬೇಡ ಅಂದ್ರು ದೊಡ್ಡಮ್ಮ. ‘ಎ ಫ್ಯಾಮಿಲಿ ಮೆಂಬರ್’ಸ್ ಹಾಸ್ಪಿಟಲ್ ಟ್ರೀಟ್‌ಮೆಂಟ್’ ಅಂತಷ್ಟೇ ಹಾಕಿ, ಅವಧಿ, ಬೆಳಗಿನ ಹೊತ್ತು, ವೀಲ್‌ಚೇರ್ ಬಗ್ಗೆ ಪೂರ್ತಿ ಬರೆದ್ವಿ. ಡ್ರೈವರ್ ಅಣ್ಣನ ಕೆಲಸ ಒಂದು ಚೂರೂ ಕಮ್ಮಿ ಕಾಣಲಿಲ್ಲ.

ಓದಿ ಹೇಳೋದು

ಟೈಪ್ ಆದ ಮೇಲೆ ಸುಮಾರು ಜನ ಬಿಡೋ ಒಂದು ಹೆಜ್ಜೆ ಇದೆ. ಲೆಟರ್ ಯಾರದೋ ಅವರಿಗೆ ಅದನ್ನ ಓದೋಕೆ ಬರಲ್ಲ. ತಮ್ಮ ಬಗ್ಗೆ ಏನು ಬರೆದಿದೆ ಅಂತ ಗೊತ್ತಿಲ್ಲದೆ ಅವರು ಅದನ್ನ ಮನೆ ಮನೆಗೆ ತೋರಿಸ್ಬೇಕು. ಕವರ್‌ಗೆ ಹಾಕೋ ಮುಂಚೆ ಕನ್ನಡದಲ್ಲಿ ಸಾಲು ಸಾಲಾಗಿ ಹೇಳಿ.

ದೊಡ್ಡಮ್ಮನ ಮನೆ ಜಗಲಿ ಮೇಲೆ ಕೂತು ನಾನು ಹಾಗೆ ಹೇಳಿದೆ. ಅಂಡರ್‌ಪಾಸ್ ವಿಷಯ ಬಂದಾಗ ಅವರು ನಕ್ಕು, ‘ಅಮ್ಮಾವ್ರು ಅವತ್ತು ಎರಡು ದಿನ ಮಾತೇ ಆಡಿರ್ಲಿಲ್ಲ’ ಅಂದ್ರು. ಪೂರ್ತಿ ಕೇಳಿಸಿಕೊಂಡು, ‘ಎಲ್ಲ ಸರಿ ಇದೆ ಮೇಡಂ, ಆದ್ರೆ ಆಟೋಮ್ಯಾಟಿಕ್ ಹಾಕಿಲ್ಲವಲ್ಲ’ ಅಂದ್ರು. 2018ರವರೆಗೆ ಮ್ಯಾನುಯಲ್ ಕಾರು, ಆಮೇಲೆ ಆಟೋಮ್ಯಾಟಿಕ್. ಚಾರ್ಮಾಡಿ ಘಾಟಿಯಲ್ಲಿ ಎರಡರಲ್ಲೂ ಓಡಿಸಿದ್ದಾರೆ. ಕನ್ನಡ, ತಮಿಳು ಚೆನ್ನಾಗಿ ಬರುತ್ತೆ, ಹಿಂದಿ ಅಡ್ರೆಸ್ ಕೇಳೋವಷ್ಟು. ಅಪಾರ್ಟ್‌ಮೆಂಟ್‌ನವರು ಮೊದಲು ಕೇಳೋದೇ ಇದನ್ನಂತೆ. ದೊಡ್ಡಮ್ಮನಿಗೆ ಅದು ಹೊಳೆದಿರಲಿಲ್ಲ, ನನಗಂತೂ ಗೊತ್ತೇ ಇರಲಿಲ್ಲ. ಆ ಕೆಲಸದ ಮಾರ್ಕೆಟ್ ಗೊತ್ತಿರೋದು ಅವರಿಗೆ. ಎರಡು ವಾಕ್ಯ ಸೇರಿಸಿದ್ವಿ.

ಕೊನೆಗೆ ಲೆಟರ್ ನಿಂತಿದ್ದು ಹೀಗೆ. ಮೇಲೆ ತಾರೀಖು. ಮೊದಲ ಪ್ಯಾರಾದಲ್ಲಿ ಹೆಸರು, ಹುದ್ದೆ, ಎಂದಿನಿಂದ ಎಂದಿನವರೆಗೆ, ಬಿಡೋ ಕಾರಣ. ಎರಡನೇದರಲ್ಲಿ ಯಾವ ಥರದ ಗಾಡಿ, ಯಾವ ರಸ್ತೆ, ಯಾವ ಭಾಷೆ, ಇನ್ಶೂರೆನ್ಸ್ ಸಾಲು. ಮೂರನೇದರಲ್ಲಿ ಮೂರು ಘಟನೆ: ಕೀ ಮತ್ತು ಹಣ, ಆಸ್ಪತ್ರೆ, ಅಂಡರ್‌ಪಾಸ್. ಕೊನೆಗೆ ‘ನನಗೆ ಫೋನ್ ಮಾಡಿ’ ಅಂತ ಒಂದು ಸಾಲು, ದೊಡ್ಡಮ್ಮನ ಸಹಿ, ಹೆಸರು, ಮೊಬೈಲ್ ನಂಬರ್. ಮನೆ ವಿಳಾಸ ಹಾಕಲಿಲ್ಲ. ಮನೆ ಖಾಲಿ ಆಗ್ತಿದೆ ಅಂತ ಅದೇ ಕಾಗದ ಹೇಳ್ತಿದೆಯಲ್ಲ. ‘ಇವರ ನಡತೆಗೆ ನಾನು ಗ್ಯಾರಂಟಿ’ ಅಂತಲೂ ಬರೆಯಲಿಲ್ಲ. ತಾವು ಕಂಡದ್ದನ್ನ ಮಾತ್ರ ಹೇಳಬಹುದು, ನಾಳೆಯದಕ್ಕೆ ಯಾರೂ ಸಹಿ ಹಾಕೋಕಾಗಲ್ಲ. ಪೊಲೀಸ್ ವೆರಿಫಿಕೇಶನ್ ಬೇಕು ಅಂದ್ರೆ ಅದನ್ನ ಬೇರೆಯಾಗಿ ಮಾಡಿಸ್ಬೇಕು. ಈ ಲೆಟರ್ ಅದರ ಬದಲಿಗೆ ನಡೆಯಲ್ಲ.

ಎರಡು ಪ್ರಿಂಟ್, ಎರಡಕ್ಕೂ ಪೆನ್ನಲ್ಲಿ ಸಹಿ. ಸಹಿ ಆದ ಮೇಲೆ ಸ್ಕ್ಯಾನ್ ಮಾಡಿ ಪಿಡಿಎಫ್ ಅವರ ವಾಟ್ಸಾಪ್‌ಗೆ ಕಳಿಸಿದೆ. ಲೆಟರ್‌ನ ಒಂದು ಕಾಪಿ, ಜೊತೆಗೆ ಆ ಕ್ಯಾಲೆಂಡರ್ ಹಾಳೆ ದೊಡ್ಡಮ್ಮನ ಹತ್ರ ಫೋನ್ ಪಕ್ಕ ಇತ್ತು. ಕರೆ ಬಂದಾಗ ಲೆಟರ್‌ನಲ್ಲಿ ಇರೋದಕ್ಕೂ ಬಾಯಲ್ಲಿ ಹೇಳೋದಕ್ಕೂ ತಾಳೆ ಆಗ್ಬೇಕಲ್ಲ.

ಹತ್ತು ದಿನಕ್ಕೆ ಕರೆ ಬಂತು. ಮಾತಾಡಿದ್ದು ಇಂಗ್ಲಿಷ್ ಹಿಂದಿ ಬೆರೆಸಿ ಒಬ್ಬ ಹೆಂಗಸು, ಇಬ್ಬರು ಚಿಕ್ಕ ಮಕ್ಕಳ ತಾಯಿ. ಒಳ್ಳೆಯವರಾ, ನಂಬಬಹುದಾ ಅಂತ ಕೇಳಲೇ ಇಲ್ಲ. ಕೇಳಿದ್ದು ಎರಡೇ. ರಜೆ ಹೇಗೆ ತಗೋತಾರೆ ಅಂತ ಒಂದು. ದೊಡ್ಡಮ್ಮ ಹಬ್ಬದ ವಿಷಯ ಇದ್ದ ಹಾಗೇ ಹೇಳಿದ್ರು. ಇನ್ನೊಂದು, ‘ಆ ಅಂಡರ್‌ಪಾಸ್ ಕತೆ ನಿಜಾನಾ?’

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಡ್ರೈವರ್ ಅಣ್ಣ ಅಲ್ಲಿ ಕೆಲಸಕ್ಕೆ ಹೋಗ್ತಿದ್ದಾರೆ. ಸಂಬಳ ಎಷ್ಟು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.